ಬೆಂಜೀನ್ ಉಂಗುರದಲ್ಲಿ ಜಲಜನಕವು ಎಲ್ಲಿ ಸೇರುತ್ತದೆ? – ಬರ್ಚ್ ಅಪಕರ್ಷಣದ ಒಂದು ಪರಿಚಯ

ಬೆಂಜೀನಿನ ಆರು ಇಂಗಾಲಗಳ ಉಂಗುರವು ಸುಲಭವಾಗಿ ಒಡಂಬಡುವ ವಸ್ತುವಲ್ಲ. ನಿಕ್ಕಲ್ ವೇಗವರ್ಧಕದ ಸಮ್ಮುಖದಲ್ಲಿ ಶಾಖ ಮತ್ತು ಒತ್ತಡಗಳನ್ನು ಪ್ರಯೋಗಿಸಿದರೆ ಅದು ಜಲಜನಕವನ್ನು ಸ್ವೀಕರಿಸುವುದು ನಿಜ. ಆದರೆ ಆಗ ಅದು ನಡುದಾರಿಯಲ್ಲಿ ನಿಲ್ಲುವುದಿಲ್ಲ. ಮೊದಲ ಎರಡು ಪರಮಾಣುಗಳು ಸೇರಿ ಉಂಟಾದ ಡೈಯೀನು ಬೆಂಜೀನಿಗಿಂತಲೂ ಶೀಘ್ರವಾಗಿ ಜಲಜನಕವನ್ನು ಹೀರಿಕೊಳ್ಳುವುದರಿಂದ, ಕೊನೆಗೆ ದ್ವಿಬಂಧವೇ ಇಲ್ಲದ ಸೈಕ್ಲೋಹೆಕ್ಸೇನ್ ದೊರೆಯುತ್ತದೆ. ಎರಡೇ ಎರಡು ಜಲಜನಕಗಳನ್ನು ಸೇರಿಸಿ, ಎರಡು ದ್ವಿಬಂಧಗಳನ್ನು ಉಳಿಸಿಕೊಂಡು ಸೈಕ್ಲೋಹೆಕ್ಸಾಡೈಯೀನಿನಲ್ಲಿ ನಿಲ್ಲಿಸುವ ಮಾರ್ಗವೊಂದಿದೆ. ಆಸ್ಟ್ರೇಲಿಯದ ರಸಾಯನಶಾಸ್ತ್ರಜ್ಞ ಆರ್ಥರ್ ಬರ್ಚ್ ಅವರು 1944ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಅದನ್ನು ಪ್ರಕಟಿಸಿದರು. ಆದುದರಿಂದ ಅದಕ್ಕೆ ಬರ್ಚ್ ಅಪಕರ್ಷಣವೆಂದು ಹೆಸರು. ಆ ಎರಡು ಜಲಜನಕಗಳು ಉಂಗುರದ ಯಾವ ಸ್ಥಾನಗಳಲ್ಲಿ ಸೇರುತ್ತವೆ, ಅದನ್ನು ನಿರ್ಧರಿಸುವುದು ಯಾವುದು ಎಂಬುದೇ ಈ ಲೇಖನದ ವಿಷಯ.

ಅಮೋನಿಯ ಅನಿಲವನ್ನು ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿದರೆ ದ್ರವವಾಗುತ್ತದೆ. ಅದರಲ್ಲಿ ಸೋಡಿಯಂ ಅಥವಾ ಲಿಥಿಯಂ ಲೋಹದ ತುಣುಕನ್ನು ಹಾಕಿದೊಡನೆ ಗಾಢವಾದ ನೀಲಿ ಬಣ್ಣ ಹರಡುತ್ತದೆ. ಈ ಬಣ್ಣ ಲೋಹದ್ದಲ್ಲ. ಲೋಹವನ್ನು ತೊರೆದು ಅಮೋನಿಯ ಅಣುಗಳ ನಡುವೆ ನೆಲೆಸಿದ ಎಲೆಕ್ಟ್ರಾನುಗಳದ್ದು. ಈ ದ್ರಾವಣಕ್ಕೆ ಬೆಂಜೀನ್ ಜಾತಿಯ ಸಂಯುಕ್ತವನ್ನೂ ಸ್ವಲ್ಪ ಎಥನಾಲನ್ನೂ ಸೇರಿಸಿದಾಗ ಕ್ರಿಯೆಯು ನಾಲ್ಕು ಹೆಜ್ಜೆಗಳಲ್ಲಿ ಸಾಗುತ್ತದೆ. ಮೊದಲು ಉಂಗುರವು ಒಂದು ಎಲೆಕ್ಟ್ರಾನನ್ನು ಪಡೆದು ಋಣಾವೇಶ ಹೊಂದುತ್ತದೆ. ಎರಡನೆಯದಾಗಿ ಎಥನಾಲು ಅದಕ್ಕೆ ಒಂದು ಪ್ರೋಟಾನನ್ನು ಕೊಡುತ್ತದೆ. ಮೂರನೆಯದಾಗಿ ಮತ್ತೊಂದು ಎಲೆಕ್ಟ್ರಾನು ಬಂದು ಸೇರುತ್ತದೆ. ನಾಲ್ಕನೆಯದಾಗಿ ಮತ್ತೊಂದು ಪ್ರೋಟಾನು ಸೇರಿ ಕ್ರಿಯೆ ಮುಗಿಯುತ್ತದೆ. ಎರಡು ಎಲೆಕ್ಟ್ರಾನು, ಎರಡು ಪ್ರೋಟಾನು; ಒಟ್ಟಿನಲ್ಲಿ ಎರಡು ಜಲಜನಕ.

ನಾಲ್ಕನೆಯ ಹೆಜ್ಜೆಯಲ್ಲಿ ಋಣಾವೇಶವು ಐದು ಇಂಗಾಲಗಳ ಸಾಲಿನಲ್ಲಿ ಹರಡಿಕೊಂಡಿರುತ್ತದೆ. ಅದರ ಸಾಂದ್ರತೆಯು ನಡುವಿನ ಇಂಗಾಲದಲ್ಲಿ ಅಧಿಕ. ಪ್ರೋಟಾನು ಅಲ್ಲಿಯೇ ಶೀಘ್ರವಾಗಿ ಬಂದು ಸೇರುತ್ತದೆ. ಈ ಕಾರಣದಿಂದ ಎರಡು ಜಲಜನಕಗಳು ಪರಸ್ಪರ ಎದುರುಬದುರಾಗಿ ಸೇರಿ, ದ್ವಿಬಂಧಗಳು ಒಂದರಿಂದೊಂದು ಬೇರ್ಪಟ್ಟ 1,4-ಡೈಯೀನು ಉಂಟಾಗುತ್ತದೆ. ಹೀಗೆ ಬೇರ್ಪಟ್ಟ ದ್ವಿಬಂಧಗಳು ಮತ್ತೆ ಎಲೆಕ್ಟ್ರಾನನ್ನು ಸುಲಭವಾಗಿ ಸ್ವೀಕರಿಸಲಾರವು. ಕ್ರಿಯೆಯು ನಡುದಾರಿಯಲ್ಲಿ ನಿಲ್ಲುವುದರ ಗುಟ್ಟು ಇದೇ.

ಬರಿಯ ಬೆಂಜೀನಿನಲ್ಲಿ ಆರೂ ಇಂಗಾಲಗಳು ಸಮಾನ. ಎಲ್ಲಿ ಸೇರಿದರೂ ಫಲ ಒಂದೇ. ಉಂಗುರಕ್ಕೆ ಒಂದು ಗುಂಪು ಅಂಟಿಕೊಂಡಿದ್ದರೆ ಮಾತು ಬೇರೆಯಾಗುತ್ತದೆ. ಮಿಥೈಲ್, ಮಿಥಾಕ್ಸಿ ಮುಂತಾದ ಗುಂಪುಗಳು ಉಂಗುರದತ್ತ ಎಲೆಕ್ಟ್ರಾನುಗಳನ್ನು ನೂಕುವ ಸ್ವಭಾವದವು. ತಾವಿರುವ ಇಂಗಾಲದಲ್ಲಿ ಋಣಾವೇಶ ನಿಲ್ಲುವುದನ್ನು ಅವು ಸಹಿಸವು. ಆದುದರಿಂದ ಪ್ರೋಟಾನುಗಳು ಪಕ್ಕದ ಸ್ಥಾನಕ್ಕೂ ಅದರ ಎದುರಿನ ಸ್ಥಾನಕ್ಕೂ ಹೋಗುತ್ತವೆ; ಗುಂಪು ದ್ವಿಬಂಧದ ಇಂಗಾಲದ ಮೇಲೆಯೇ ಉಳಿಯುತ್ತದೆ. ಕಾರ್ಬಾಕ್ಸಿಲ್ ಗುಂಪಿನ ನಡತೆ ಇದಕ್ಕೆ ವಿರುದ್ಧ. ಅದು ಋಣಾವೇಶವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆದುದರಿಂದ ಒಂದು ಜಲಜನಕವು ಅದು ಅಂಟಿರುವ ಇಂಗಾಲಕ್ಕೂ ಇನ್ನೊಂದು ಅದರ ನೇರ ಎದುರಿನ ಇಂಗಾಲಕ್ಕೂ ಸೇರುತ್ತದೆ. ಸಂಗ್ರಹವಾಗಿ ಹೇಳುವುದಾದರೆ, ಕೊಡುವ ಗುಂಪು ದ್ವಿಬಂಧದ ಮೇಲೆ ಉಳಿಯುತ್ತದೆ. ಸೆಳೆಯುವ ಗುಂಪು ಜಲಜನಕ ಪಡೆದ ಇಂಗಾಲದ ಮೇಲೆ ನಿಲ್ಲುತ್ತದೆ. ಪಕ್ಕಪಕ್ಕದಲ್ಲಿ ಮಿಥೈಲ್ ಮತ್ತು ಕಾರ್ಬಾಕ್ಸಿಲ್ ಗುಂಪುಗಳುಳ್ಳ ಆರ್ಥೋ-ಟೊಲುಯಿಕ್ ಆಮ್ಲದಲ್ಲಿ ಎರಡರ ಇಚ್ಛೆಯೂ ಒಟ್ಟಿಗೆ ನೆರವೇರುತ್ತದೆ. ಅವು ಎದುರುಬದುರಾಗಿರುವ ಪ್ಯಾರಾ-ಟೊಲುಯಿಕ್ ಆಮ್ಲದಲ್ಲಿ ವಿರೋಧ ತಲೆದೋರುತ್ತದೆ. ಅಲ್ಲಿ ಕಾರ್ಬಾಕ್ಸಿಲ್ ಗುಂಪಿನ ಮಾತೇ ನಡೆಯುತ್ತದೆ.

ಈಗ ಮಿಥಾಕ್ಸಿ ಗುಂಪುಳ್ಳ ಅನಿಸೋಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಅಣುತೂಕ 108. 10.8 ಗ್ರಾಂ ಅನಿಸೋಲಿಗೆ ಲೆಕ್ಕದ ಪ್ರಕಾರ 4.6 ಗ್ರಾಂ ಸೋಡಿಯಂ ಸಾಕು. ರೂಢಿಯಲ್ಲಿ ಇದಕ್ಕಿಂತ ಹೆಚ್ಚು ಬಳಸುತ್ತಾರೆ. ಮಿಥಾಕ್ಸಿ ಗುಂಪಿರುವ ಇಂಗಾಲವನ್ನು 1 ಎಂದು ಎಣಿಸಿದರೆ ಜಲಜನಕಗಳು 3 ಮತ್ತು 6ನೆಯ ಇಂಗಾಲಗಳನ್ನು ಸೇರುತ್ತವೆ. ದ್ವಿಬಂಧಗಳು 1–2 ಮತ್ತು 4–5ರ ನಡುವೆ ಉಳಿಯುತ್ತವೆ. ಹೀಗೆ ಉಂಟಾದ ಈನಾಲ್ ಈಥರನ್ನು ಆಕ್ಸಾಲಿಕ್ ಆಮ್ಲದಂತಹ ಸೌಮ್ಯ ಆಮ್ಲದೊಡನೆ ನೀರಿನಲ್ಲಿ ಕಲಕಿದರೆ, ದ್ವಿಬಂಧವು ಕೀಟೋನಿನಿಂದ ದೂರವಿರುವ 3-ಸೈಕ್ಲೋಹೆಕ್ಸೆನೋನ್ ಸಿಗುತ್ತದೆ. ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸಿದರೆ ದ್ವಿಬಂಧವು ಸರಿದು ಕೀಟೋನಿನ ಪಕ್ಕಕ್ಕೆ ಬಂದು 2-ಸೈಕ್ಲೋಹೆಕ್ಸೆನೋನ್ ಆಗುತ್ತದೆ.

ಈ ಪ್ರಯೋಗವು ಕೆಡುವುದು ಬಹುಮಟ್ಟಿಗೆ ಕಬ್ಬಿಣದಿಂದ. ಉಕ್ಕಿನ ಸಿಲಿಂಡರಿನಿಂದ ಬಂದ ಅಮೋನಿಯದಲ್ಲಿ ಕಬ್ಬಿಣದ ಅಂಶವಿದ್ದರೆ, ಸೋಡಿಯಮ್ಮು ಅಮೋನಿಯದೊಡನೆಯೇ ವರ್ತಿಸಿ ಸೋಡಿಯಂ ಅಮೈಡ್ ಆಗಿ ವ್ಯರ್ಥವಾಗುತ್ತದೆ. ನೀಲಿ ಬಣ್ಣ ಅಕಾಲದಲ್ಲಿ ಮಾಸುವುದೇ ಅದರ ಸೂಚನೆ. ಅಷ್ಟೇ ಅಲ್ಲ, ಅಮೈಡು ಪ್ರಬಲ ಪ್ರತ್ಯಾಮ್ಲವಾದ್ದರಿಂದ ಬೇರ್ಪಟ್ಟ ದ್ವಿಬಂಧಗಳನ್ನು ಅಕ್ಕಪಕ್ಕಕ್ಕೆ ತರಬಲ್ಲದು. ಹಾಗೆ ಸಂಯುಗ್ಮವಾದ 1,3-ಡೈಯೀನು ಪುನಃ ಎಲೆಕ್ಟ್ರಾನುಗಳನ್ನು ಪಡೆದು ಒಂದೇ ದ್ವಿಬಂಧವುಳ್ಳ ವಸ್ತುವಾಗುತ್ತದೆ. ಅಮೋನಿಯವನ್ನು ಬಟ್ಟಿಯಿಳಿಸಿ ಬಳಸುವುದು ಇದಕ್ಕೆ ಪರಿಹಾರ. ಎಥನಾಲು ಸಹ ಅಮೈಡು ಸಂಚಯವಾಗದಂತೆ ತಡೆಯುತ್ತದೆ. ಫಲವನ್ನು ಅತಿನೇರಳೆ ಕಿರಣಗಳಿಂದ ಪರೀಕ್ಷಿಸಬಹುದು. 1,3-ಸೈಕ್ಲೋಹೆಕ್ಸಾಡೈಯೀನು 256 ನ್ಯಾನೋಮೀಟರಿನ ಸಮೀಪದಲ್ಲಿ ಕಿರಣಗಳನ್ನು ಬಲವಾಗಿ ಹೀರುತ್ತದೆ. 1,4 ರೂಪವು ಅಲ್ಲಿ ಹಾಗೆ ಹೀರುವುದಿಲ್ಲ. ಇದು ಶಾಲೆಯ ಪ್ರಯೋಗಾಲಯದಲ್ಲಿ ಮಾಡತಕ್ಕ ಪ್ರಯೋಗವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ. ಅಮೋನಿಯದ ಆವಿ ಉಸಿರುಗಟ್ಟಿಸುತ್ತದೆ. ಉಳಿದ ಸೋಡಿಯಂ ನೀರು ಸೋಕಿದರೆ ಹೊತ್ತಿಕೊಳ್ಳುತ್ತದೆ.

ಸ್ಥಾನನಿರ್ಣಯದ ಈ ನಿಯಮವು ಔಷಧಶಾಸ್ತ್ರದಲ್ಲಿ ಎಷ್ಟು ದೂರ ಕೊಂಡೊಯ್ದಿತೆಂಬುದಕ್ಕೆ ಸ್ತ್ರೀ ಹಾರ್ಮೋನಾದ ಈಸ್ಟ್ರಡಯೋಲಿನ ವೃತ್ತಾಂತವೇ ಸಾಕ್ಷಿ. ಅದರ ನಾಲ್ಕು ಉಂಗುರಗಳಲ್ಲಿ ಒಂದು ಬೆಂಜೀನ್ ಉಂಗುರ. ಅದರ 3ನೆಯ ಇಂಗಾಲದಲ್ಲಿರುವ ಫೀನಾಲ್ ಗುಂಪನ್ನು ಹಾಗೆಯೇ ಬಿಟ್ಟರೆ ಅದು ಪ್ರೋಟಾನನ್ನು ಕಳೆದುಕೊಂಡು ಋಣಾವೇಶ ತಳೆದು ಅಪಕರ್ಷಣವನ್ನು ತಡೆಯುತ್ತದೆ. ಆದುದರಿಂದ ಮೊದಲು ಅದನ್ನು ಈಥರಾಗಿ ಪರಿವರ್ತಿಸಬೇಕು. ಆಗ ಆ ಉಂಗುರದಲ್ಲಿ ಮೂರು ಕೊಡುವ ಗುಂಪುಗಳಿದ್ದಂತಾಯಿತು: 3ನೆಯದರಲ್ಲಿ ಮಿಥಾಕ್ಸಿ, ನೆರೆಯ ಉಂಗುರವು ಕೂಡುವ 5 ಮತ್ತು 10ನೆಯವುಗಳಲ್ಲಿ ಆಲ್ಕೈಲ್. ಎದುರುಬದುರಾದ ಜೋಡಿಗಳು ಮೂರೇ. 3 ಮತ್ತು 10ರ ಜೋಡಿಯಲ್ಲಿ ಎರಡೂ ಕಡೆ ಗುಂಪುಗಳಿವೆ. 2 ಮತ್ತು 5ರ ಜೋಡಿಯಲ್ಲಿ ಒಂದು ಕಡೆ ಇದೆ. ಯಾವ ಗುಂಪೂ ಇಲ್ಲದಿರುವುದು 1 ಮತ್ತು 4ರ ಜೋಡಿ ಮಾತ್ರ. ಜಲಜನಕಗಳು ಅಲ್ಲಿಯೇ ಸೇರುತ್ತವೆ, ಬೇರೆ ದಾರಿಯಿಲ್ಲ.

ಈ ಮಾರ್ಗದಿಂದ ಬರ್ಚ್ ಅವರು 19-ನಾರ್‌ಟೆಸ್ಟೋಸ್ಟಿರೋನನ್ನು ಸಿದ್ಧಪಡಿಸಿ 1950ರಲ್ಲಿ ಪ್ರಕಟಿಸಿದರು. 1951ರಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಸಂಸ್ಥೆಯಲ್ಲಿ ನಾರೆಥಿಸ್ಟಿರೋನ್ ತಯಾರಾದುದೂ ಇದೇ ಅಪಕರ್ಷಣದ ಆಧಾರದ ಮೇಲೆ. ಅಮೆರಿಕದಲ್ಲಿ 1960ರಲ್ಲಿ ಅನುಮತಿ ಪಡೆದ ಮೊದಲ ಗರ್ಭನಿರೋಧಕ ಗುಳಿಗೆಯಲ್ಲಿದ್ದ ನಾರೆಥಿನೊಡ್ರೆಲ್ ಇದರ ಅತಿ ಸಮೀಪದ ಬಂಧು. ಒಂದರಲ್ಲಿ ದ್ವಿಬಂಧವು ಕೀಟೋನಿನ ಪಕ್ಕದಲ್ಲಿದೆ, ಇನ್ನೊಂದರಲ್ಲಿ ಒಂದು ಸ್ಥಾನ ದೂರದಲ್ಲಿದೆ. ಇವೆರಡರ ರಚನೆಗೆ ಇರುವ ಭೇದ ಇಷ್ಟೇ. ಅನಿಸೋಲಿನಲ್ಲಿ ಪ್ರಬಲ ಆಮ್ಲ ಮತ್ತು ಸೌಮ್ಯ ಆಮ್ಲಗಳು ಉಂಟುಮಾಡಿದ ಭೇದವೂ ಇದೇ ಆಗಿತ್ತೆಂಬುದನ್ನು ವಾಚಕರು ಗಮನಿಸಬಹುದು.