ನಾಣ್ಯದಾಟದ ಸರಾಸರಿ ಆಯುಷ್ಯ

ರಾಮನಲ್ಲಿ 3 ರೂಪಾಯಿ, ಸೋಮನಲ್ಲಿ 7 ರೂಪಾಯಿ ಇವೆ. ನಾಣ್ಯವನ್ನು ಚಿಮ್ಮಿದಾಗ ತಲೆ ಬಿದ್ದರೆ ರಾಮನಿಗೆ ಒಂದು ರೂಪಾಯಿ ಲಾಭ. ಇಲ್ಲವಾದರೆ ಒಂದು ರೂಪಾಯಿ ನಷ್ಟ. ಒಬ್ಬನ ಕೈ ಬರಿದಾದೊಡನೆ ಆಟ ಮುಗಿಯುತ್ತದೆ. ಸರಾಸರಿಯಲ್ಲಿ ಎಷ್ಟು ಸಲ ನಾಣ್ಯವನ್ನು ಚಿಮ್ಮಬೇಕಾದೀತು? ಇಂತಹ ಆಟದಲ್ಲಿ ಎದುರಾಳಿಯನ್ನು ಬರಿಗೈ ಮಾಡುವ ಸಂಭವವೆಷ್ಟೆಂಬ ಪ್ರಶ್ನೆಯನ್ನು ಹೈಗನ್ಸ್ 1657ರಲ್ಲಿಯೇ ಎತ್ತಿದ್ದನು. ಆಟದ ಉದ್ದವನ್ನು ಎಣಿಕೆಯ ಜಂಜಾಟವಿಲ್ಲದೆ ತಿಳಿಸುವ ಸಾಧನವೆಂದರೆ ಮಾರ್ಟಿಂಗೇಲ್.

ಮುಂದಿನ ಹೆಜ್ಜೆಯ ಸರಾಸರಿ ಬೆಲೆಯು ಈಗಿನ ಬೆಲೆಗೆ ಸಮನಾಗಿಯೇ ಉಳಿಯುವ ರಾಶಿಗೆ ಆ ಹೆಸರು. n ಚಿಮ್ಮುಗಳ ಬಳಿಕ ರಾಮನ ನಿವ್ವಳ ಲಾಭ S ಎಂದಿರಲಿ. ಮುಂದಿನ ಸಲ ಅದು S+1 ಅಥವಾ S−1 ಆಗುವುದು. ಎರಡರ ಸರಾಸರಿ S. ಆದುದರಿಂದ S ಒಂದು ಮಾರ್ಟಿಂಗೇಲ್. ಇವೆರಡರ ವರ್ಗಗಳ ಸರಾಸರಿಯಾದರೋ S²+1. ಪ್ರತಿ ಚಿಮ್ಮಿಗೂ ವರ್ಗವು ಸರಾಸರಿಯಲ್ಲಿ ಸರಿಯಾಗಿ ಒಂದರಷ್ಟು ಬೆಳೆಯುವುದರಿಂದ S²−n ಎಂಬುದೂ ಮಾರ್ಟಿಂಗೇಲ್ ಆಗುತ್ತದೆ. ಇಡೀ ಯುಕ್ತಿ ಅಡಗಿರುವುದು ಇಲ್ಲಿಯೇ: ವರ್ಗವು ಗಡಿಯಾರದಂತೆ ಚಿಮ್ಮುಗಳನ್ನು ಎಣಿಸುತ್ತಿದೆ.

ಆಟ ನಿಲ್ಲುವ ಗಳಿಗೆಯಲ್ಲಿಯೂ ಈ ಸರಾಸರಿಗಳು ಆರಂಭದ ಸೊನ್ನೆಯಾಗಿಯೇ ಇರುವುವೆಂದು ಐಚ್ಛಿಕ ನಿಲುಗಡೆಯ ಪ್ರಮೇಯ ಹೇಳುತ್ತದೆ. ಕೊನೆಗೆ S ಎಂಬುದು 7 ಅಥವಾ −3. ಅದರ ಸರಾಸರಿ ಸೊನ್ನೆಯಾಗಬೇಕಾದರೆ ರಾಮನು ಗೆಲ್ಲುವ ಸಂಭವ 3/10. ಆಗ S²ನ ಸರಾಸರಿ 49×0.3 + 9×0.7 = 21. ಚಿಮ್ಮುಗಳ ಸರಾಸರಿ ಸಂಖ್ಯೆಯೂ 21. ಅದು ಇಬ್ಬರ ಬಂಡವಾಳಗಳ ಗುಣಲಬ್ಧವೇ ಆಗಿದೆ. ಈ ನಿಯಮದ ಪ್ರಕಾರ 1 ರೂಪಾಯಿಯವನು 99 ರೂಪಾಯಿಯವನೊಡನೆ ಆಡಿದರೆ ಸರಾಸರಿ 99 ಚಿಮ್ಮುಗಳು! ಅಂತಹ ಆಟಗಳಲ್ಲಿ ಅರ್ಧದಷ್ಟು ಮೊದಲ ಚಿಮ್ಮಿಗೇ ಮುಗಿಯುತ್ತವೆ. ಅಪರೂಪದ ಕೆಲವು ದೀರ್ಘ ಆಟಗಳು ಸರಾಸರಿಯನ್ನು ಮೇಲಕ್ಕೆಳೆಯುತ್ತವೆ.

ಆದರೆ ಪ್ರಮೇಯವನ್ನು ಎಲ್ಲೆಂದರಲ್ಲಿ ಬಳಸುವಂತಿಲ್ಲ. ರಾಮನಿಗೆ ಸಾಲ ಎಷ್ಟು ಬೇಕಾದರೂ ಸಿಗುವುದೆಂದೂ, ಒಂದು ರೂಪಾಯಿ ಲಾಭ ಬಂದೊಡನೆ ಅವನು ಆಟ ನಿಲ್ಲಿಸುವನೆಂದೂ ಭಾವಿಸೋಣ. ಆ ಲಾಭ ಎಂದಾದರೊಂದು ದಿನ ಬಂದೇ ಬರುತ್ತದೆಂದು ಸಾಧಿಸಬಹುದು. ಆಗ ಕೊನೆಯ S ಯಾವಾಗಲೂ 1. ಪ್ರಮೇಯವಾದರೋ ಸರಾಸರಿ ಸೊನ್ನೆ ಎನ್ನುತ್ತದೆ. ಈ ವಿರೋಧವೇ ತಪ್ಪಿನ ಗುರುತು. ಇಲ್ಲಿ ನಷ್ಟಕ್ಕೆ ತಳವಿಲ್ಲ. ಸಾಲದ ಮಿತಿ 100 ಇದ್ದರೆ ಸರಾಸರಿ ಉದ್ದ 100, ಸಾವಿರವಿದ್ದರೆ ಸಾವಿರ. ಮಿತಿಯೇ ಇಲ್ಲದಿದ್ದರೆ ಅದು ಅನಂತ.

ಮೊದಲಿನ ಆಟದಲ್ಲಿ ಈ ಭಯವಿಲ್ಲ. ಅಲ್ಲಿ S ಎಂದೂ −3 ಮತ್ತು 7ರ ಹೊರಗೆ ಹೋಗದು. ಅಲ್ಲದೆ ಸತತ 9 ಸಲ ತಲೆ ಬಿದ್ದರೆ, ರಾಮನಲ್ಲಿ ಒಂದೇ ರೂಪಾಯಿ ಉಳಿದಿದ್ದರೂ ಆಟ ಮುಗಿದಿರುತ್ತದೆ. ಅದರ ಸಂಭವ 1/512. ಆದುದರಿಂದ ಪ್ರತಿ ಒಂಬತ್ತು ಚಿಮ್ಮುಗಳಿಗೊಮ್ಮೆ, ಆಟ ಇನ್ನೂ ಮುಗಿಯದಿರುವ ಸಂಭವವು ಹಿಂದಿನದರ 511/512 ಭಾಗಕ್ಕಿಂತ ಹೆಚ್ಚಿರಲಾರದು. ಹೀಗೆ ಕುಗ್ಗುತ್ತಾ ಅದು ಸೊನ್ನೆಯನ್ನು ಸಮೀಪಿಸುತ್ತದೆ. 21 ಎಂಬ ಉತ್ತರ ನಿಂತಿರುವುದು ಈ ಎರಡು ಆಧಾರಗಳ ಮೇಲೆ.