ಸಂಬಳ 28,000, ಖಾತೆಗೆ ಬಂದದ್ದು 26,120

ಪ್ರಶ್ನೆ: ಮಗಳು ಜುಲೈ 1ರಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಸಂಬಳ 28,000 ಎಂದಿದ್ದರು. ಕಾಲೇಜಿನ ಕಾಲದ ಅವಳ ಹಳೇ ಖಾತೆಗೆ ಜುಲೈ 31ರಂದು ಜಮೆಯಾದದ್ದು 26,120. ಆಮೇಲೆ ಎಟಿಎಂ ಕಾರ್ಡಿನ ಹೆಸರಲ್ಲಿ 236 ಹೋಗಿದೆ. ಸೆಪ್ಟೆಂಬರ್ ಕೊನೆಗೆ ಬಡ್ಡಿ ಬರೀ 59. ಬ್ಯಾಂಕಿನವರೇ ಹಿಡಿದಿದ್ದಾರೆ ಅನ್ನುತ್ತಾಳೆ. ಅವಳಿಗೆ ಹೇಗೆ ತಿಳಿಸಿ ಹೇಳಲಿ?
– ಒಬ್ಬ ತಂದೆ, ಹಾಸನ

ಉತ್ತರ: ಸ್ಟೇಟ್‌ಮೆಂಟಿನ ಪಕ್ಕದಲ್ಲಿ ಪೇಸ್ಲಿಪ್ ಇಟ್ಟುಕೊಂಡು ಕೂರಲು ಹೇಳಿ. ಕಡಿಮೆ ಬಂದ 1,880 ಬ್ಯಾಂಕಿಗೆ ಬಂದೇ ಇಲ್ಲ. ಕಂಪನಿಯೇ ಹಿಡಿದು ಉಳಿದದ್ದನ್ನು ಕಳಿಸಿದೆ. ಮೂಲ ವೇತನ 14,000 ಇದ್ದರೆ ಅದರ ಶೇ. 12, ಅಂದರೆ 1,680 ಭವಿಷ್ಯ ನಿಧಿಗೆ. ತಿಂಗಳಿಗೆ 25,000 ಮುಟ್ಟಿದವರಿಗೆ ಕರ್ನಾಟಕದಲ್ಲಿ ಜುಲೈ ತಿಂಗಳ ವೃತ್ತಿ ತೆರಿಗೆ 200. ಲೆಕ್ಕ ಸರಿಯಾಯಿತು. ಆದರೆ ಪೇಸ್ಲಿಪ್‌ನಲ್ಲಿ ಕಡಿತ ಕಂಡ ಮಾತ್ರಕ್ಕೆ ಪಿಎಫ್ ಕಟ್ಟಿದ್ದಾರೆ ಎಂದಲ್ಲ. ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅವಳ ಪಿಎಫ್ ಪಾಸ್‌ಬುಕ್ಕಿನಲ್ಲಿ ಆ 1,680 ಮತ್ತು ಕಂಪನಿಯ ಪಾಲು ಎರಡೂ ಕಾಣುತ್ತವೆಯೇ ನೋಡಲಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು.

ಇನ್ನು 236: ಕಾರ್ಡಿನ ವಾರ್ಷಿಕ ಶುಲ್ಕ 200, ಅದರ ಮೇಲೆ ಶೇ. 18 ಜಿಎಸ್‌ಟಿ 36. ಬ್ಯಾಂಕಿನ ಶುಲ್ಕಗಳು ಹೀಗೆ ಪುಡಿ ಸಂಖ್ಯೆಯಲ್ಲಿ ಕಂಡರೆ 1.18ರಿಂದ ಭಾಗಿಸಿ ನೋಡಬಹುದು, ಮೂಲ ಶುಲ್ಕ ಸಿಗುತ್ತದೆ. ಎಷ್ಟೋ ಬ್ಯಾಂಕುಗಳು ಸಂಬಳದ ಖಾತೆಗೆ ಈ ಶುಲ್ಕ ಹಾಕುವುದಿಲ್ಲ. ಅವಳಿಗೆ ಬಿದ್ದದ್ದೇಕೆಂದರೆ, ಹಳೇ ಖಾತೆಗೆ ಸಂಬಳ ಬಂದ ಮಾತ್ರಕ್ಕೆ ಅದು ಸಂಬಳದ ಖಾತೆ ಆಗುವುದಿಲ್ಲ. ಸ್ಟೇಟ್‌ಮೆಂಟಿನ ತಲೆಯಲ್ಲೇ ಖಾತೆಯ ಬಗೆ ಬರೆದಿರುತ್ತದೆ; ಸಾಮಾನ್ಯ ಉಳಿತಾಯ ಎಂದಿದ್ದರೆ ಕಂಪನಿಯ ಪತ್ರ, ಗುರುತಿನ ಚೀಟಿ ಹಿಡಿದು ಶಾಖೆಗೆ ಹೋಗಿ ಬದಲಿಸಿಕೊಳ್ಳಲಿ. ಕಂಪನಿಗೂ ಆ ಬ್ಯಾಂಕಿಗೂ ಒಪ್ಪಂದ ಇರಬೇಕು, ಇಲ್ಲದಿದ್ದರೆ ಬದಲಿಸದಿರಬಹುದು. ಹಿಡಿದ ಶುಲ್ಕವನ್ನು ವಾಪಸ್ ಕೇಳಬಹುದು, ಕೊಡುವುದು ಬಿಡುವುದು ಅವರ ನಿಯಮದ ಮೇಲೆ. ತಪ್ಪಾಗಿ ಹಿಡಿದಿದ್ದರೆ ಮಾತ್ರ ಲಿಖಿತ ದೂರು ಕೊಡಲಿ. 30 ದಿನದಲ್ಲಿ ಉತ್ತರ ಬರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಸಲ್ಲಿಸಬಹುದು.

ಬಡ್ಡಿಯ ವಿಷಯದಲ್ಲಿ, 26,120ಕ್ಕೆ ಶೇ. 2.5 ಅಂದರೆ 653 ಬರಬೇಕಲ್ಲ ಎಂದು ಅವಳು ಲೆಕ್ಕ ಹಾಕಿರಬೇಕು. ಆ ದರ ಇಡೀ ವರ್ಷದ್ದು. ಬ್ಯಾಂಕು ಪ್ರತಿದಿನದ ಕೊನೆಯಲ್ಲಿ ಖಾತೆಯಲ್ಲಿ ಉಳಿದ ಹಣಕ್ಕೆ ಬಡ್ಡಿ ಕಟ್ಟುತ್ತಾ ಹೋಗಿ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರಿಸುತ್ತದೆ. ಜುಲೈನಲ್ಲಿ ಖಾತೆ ಖಾಲಿಯಿತ್ತು ಎಂದುಕೊಳ್ಳಿ. 31ರಿಂದ ಸೆಪ್ಟೆಂಬರ್ 30ರವರೆಗೆ 62 ದಿನ. ಬಾಡಿಗೆ, ಮನೆಗೆ ಕಳಿಸಿದ್ದು ಹೋಗಿ ದಿನಕ್ಕೆ ಸರಾಸರಿ 14,000 ಉಳಿದಿದ್ದರೆ:

```
14000 × 2.5/100 × 62/365 = 59.45
```

ಬಂದದ್ದು 59. ಅವಳ ಬ್ಯಾಂಕಿನ ದರ ಬೇರೆಯಿದ್ದರೆ ಅದನ್ನೇ ಹಾಕಿ ನೋಡಲಿ.