ಪರದೆ ಕಟ್ಟುವ ಮುನ್ನ

ಅಪಾರ್ಟ್‌ಮೆಂಟಿನವರೆಲ್ಲ ಸೇರಿ ರಾಜ್ಯೋತ್ಸವಕ್ಕೊಂದು ಸಿನಿಮಾ ನೋಡಬೇಕೆಂದಿದ್ದೀರಾ? ಟಿಕೆಟ್ ಇಲ್ಲವೆಂದ ಮಾತ್ರಕ್ಕೆ ಅನುಮತಿ ಬೇಡ ಎಂದುಕೊಳ್ಳಬೇಡಿ. ಒಟಿಟಿ ಚಂದಾ, ಡಿವಿಡಿ ಎರಡೂ ಸಾಮಾನ್ಯವಾಗಿ ಮನೆಯೊಳಗೆ ನೋಡಲಷ್ಟೇ. ನಿರ್ಮಾಪಕರಿಗೆ, ಅವರು ಹಕ್ಕು ಮಾರಿದ್ದರೆ ಕೊಂಡವರಿಗೆ ಪತ್ರ ಬರೆಯಿರಿ. ಅದರಲ್ಲಿ ದಿನಾಂಕ, ಜಾಗ, ಎಷ್ಟು ಜನ ಸೇರುತ್ತಾರೆ, ಹಣ ಪಡೆಯುತ್ತೀರೋ ಇಲ್ಲವೋ ಎಂಬುದೆಲ್ಲ ಇರಲಿ. ಫೋನಿನಲ್ಲಿ ಒಪ್ಪಿದರೂ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಶಾಲೆಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಆದರೆ ಪ್ರದರ್ಶನವು ಶಾಲೆಯ ಚಟುವಟಿಕೆಯ ಭಾಗವಾಗಿರಬೇಕು. ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಅದೇ ಸಿನಿಮಾವನ್ನು ಶಾಲೆಯ ಮೈದಾನದಲ್ಲಿ ಊರವರಿಗೆಲ್ಲ ತೋರಿಸಿದರೆ ಈ ವಿನಾಯಿತಿ ಸಿಗದು. ಆಗ ಶಾಲೆಯೂ ಹಕ್ಕುದಾರರನ್ನೇ ಕೇಳಬೇಕು. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ.